ರಿಪೇರಿ ಖರ್ಚನ್ನು ಒಪ್ಪದ ಆರ್ಡರ್: ನಾನು ಅಪೀಲು ಬರೆದ ಬಗೆ

2024ರ ಮಾರ್ಚ್ ಕೊನೆಯಲ್ಲಿ ರಟ್ಟಿನ ಡಬ್ಬ ಮಾಡುವ ಪಾಲುದಾರಿಕೆ ಸಂಸ್ಥೆಯವರು ಒಂದು ಅಸೆಸ್‌ಮೆಂಟ್ ಆರ್ಡರ್ ಹಿಡಿದು ಬಂದರು. ಅವರ ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಮಷೀನ್ ರಿಪೇರಿಗೆ ಹಾಕಿದ್ದ 4,80,000 ರೂಪಾಯಿಯನ್ನು ಅಧಿಕಾರಿ ಖರ್ಚು ಎಂದು ಒಪ್ಪದೆ, ಇದು ಬಂಡವಾಳ ವೆಚ್ಚ, ಅಂದರೆ ಹೊಸ ಆಸ್ತಿಗೆ ಹಾಕಿದ ಹಣ, ಎಂದು ಆದಾಯಕ್ಕೆ ಸೇರಿಸಿದ್ದರು. ‘ಸವೆದ ರೋಲರ್ ಬದಲಾಯಿಸಿದ್ರೆ ಹೊಸ ಮಷೀನ್ ತಗೊಂಡ ಹಾಗಾ ಸಾರ್?’ ಎಂದು ಹಿರಿಯ ಪಾಲುದಾರರು ಕೇಳಿದರು. ಅಪೀಲಿನ ತಿರುಳೇ ಆ ಪ್ರಶ್ನೆಯಾಗಿತ್ತು.

ಮೊದಲು ನೋಡಿದ್ದು ದಿನಾಂಕ. ಡಿಮ್ಯಾಂಡ್ ನೋಟಿಸ್ ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಅಪೀಲು ಸಲ್ಲಿಸಬೇಕು. ನಮಗೆ ಅದು ಮಾರ್ಚ್ 18ಕ್ಕೆ ಬಂದಿತ್ತು, ಹಾಗಾಗಿ ಏಪ್ರಿಲ್ 17 ಕೊನೆಯ ದಿನ. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಕೇಸು ಹೇಳುವ ಮೊದಲೇ ನಮ್ಮ ತಪ್ಪಿನ ವಿವರಣೆ ಕೊಡಬೇಕಾಗುತ್ತದೆ.

ಆಮೇಲೆ ಆರ್ಡರನ್ನು ಪೆನ್ಸಿಲ್ ಹಿಡಿದು ಮೂರು ಸಲ ಓದಿದೆ. ಹನ್ನೊಂದು ಪುಟದ ಆರ್ಡರ್‌ನಲ್ಲಿ ನಿಜವಾದ ಕಾರಣ ಇದ್ದದ್ದು ನಾಲ್ಕೇ ಸಾಲು. ಬಿಲ್ಲಿನಲ್ಲಿ ‘ಓವರ್‌ಹಾಲಿಂಗ್ ಅಂಡ್ ಅಪ್‌ಗ್ರೇಡೇಶನ್’ ಎಂದಿದೆ, ಮೊತ್ತ ದೊಡ್ಡದು, ಹಲವು ವರ್ಷ ಪ್ರಯೋಜನ ಸಿಗುತ್ತದೆ, ಆದ್ದರಿಂದ ಬಂಡವಾಳ ವೆಚ್ಚ. ಬಿಲ್ಲು ತರಿಸಿ ನೋಡಿದೆ. ಮೇಲ್ಗಡೆ ಆ ಶೀರ್ಷಿಕೆ ಇದ್ದದ್ದು ಹೌದು. ಕೆಳಗೆ ಪಟ್ಟಿಯಲ್ಲಿದ್ದದ್ದು ಮಾತ್ರ ಒಂದು ಜೊತೆ ಫ್ಲೂಟಿಂಗ್ ರೋಲರ್, ಎಂಟು ಬೇರಿಂಗ್, ಒಂದು ಗೇರ್ ಸೆಟ್ ಮತ್ತು ಫಿಟ್ಟಿಂಗ್ ಕೂಲಿ. ಕಾಗದಕ್ಕೆ ಅಲೆಯ ಆಕಾರ ಕೊಡುವುದು ಈ ರೋಲರ್. ಅದರ ಹಲ್ಲು ಸವೆದರೆ ಅಲೆ ಚಪ್ಪಟೆಯಾಗಿ ಡಬ್ಬ ಮೆತ್ತಗಾಗುತ್ತದೆ. ರೋಲರನ್ನು ಬಿಚ್ಚಿ ಬೇರೆ ಇಟ್ಟರೆ ಅದರಿಂದ ಯಾವ ಕೆಲಸವೂ ಆಗುವುದಿಲ್ಲ. ಇಡೀ ವಾದ ನಿಂತದ್ದು ಈ ಒಂದು ಸಂಗತಿಯ ಮೇಲೆ.

ಅಪೀಲು ಹೋದದ್ದು ಫಾರ್ಮ್ 35ರಲ್ಲಿ, ಆನ್‌ಲೈನ್‌ನಲ್ಲೇ. ಒಪ್ಪಿಕೊಂಡ ಆದಾಯದ ತೆರಿಗೆ ಪೂರ್ತಿ ಕಟ್ಟಿರಬೇಕಿತ್ತು. ಅಸೆಸ್ ಆದ ಆದಾಯ ಎರಡು ಲಕ್ಷ ದಾಟಿದ್ದರಿಂದ ಫೀಸು 1,000 ರೂಪಾಯಿ. ಫಾರ್ಮಿನಲ್ಲಿ ಸಂಗತಿಗಳಿಗೆ 1,000 ಪದಗಳ ಮಿತಿ, ಆರ್ಡರ್ ತಪ್ಪು ಎನ್ನಲು ಕೊಡುವ ಪ್ರತಿ ಆಧಾರಕ್ಕೆ 100 ಪದಗಳ ಮಿತಿ ಇತ್ತು. ಈ ಮಿತಿಯಿಂದ ನನಗೆ ಒಳ್ಳೆಯದೇ ಆಯಿತು. ಮೊದಲ ಕರಡಿನಲ್ಲಿ ಸಂಗತಿಗಳ ನಡುವೆಯೇ ‘ಅಧಿಕಾರಿ ಸರಿಯಾಗಿ ಪರಿಶೀಲಿಸದೆ’, ‘ಅನ್ಯಾಯವಾಗಿ’ ಅಂತೆಲ್ಲ ಬರೆದುಬಿಟ್ಟಿದ್ದೆ. ಮರುದಿನ ಓದಿದಾಗ ಯಾವುದು ನಡೆದದ್ದು, ಯಾವುದು ನನ್ನ ದೂರು ಎಂದು ನನಗೇ ಬೇರೆಯಾಗಿ ಕಾಣಲಿಲ್ಲ. ಅಂಥ ಮಾತೆಲ್ಲ ಹೊಡೆದುಹಾಕಿದೆ.

ಉಳಿದದ್ದು ಏಳು ಪುಟ್ಟ ಪ್ಯಾರಾ. ಸಂಸ್ಥೆ ಏನು ಮಾಡುತ್ತದೆ, 2022-23ರ ಅಸೆಸ್‌ಮೆಂಟ್ ವರ್ಷಕ್ಕೆ, ಅಂದರೆ 2021-22ರಲ್ಲಿ ಗಳಿಸಿದ್ದಕ್ಕೆ, ಎಷ್ಟು ಆದಾಯ ತೋರಿಸಿತು ಎಂಬಲ್ಲಿಂದ ಶುರು. ಮೂರನೇ ಪ್ಯಾರಾದಲ್ಲಿ ಮಷೀನಿನ ಕಥೆ: 2014ರಲ್ಲಿ ಕೊಂಡದ್ದು, ಅಂದಿನಿಂದ ಸವಕಳಿ, ಅಂದರೆ ಬೆಲೆಯ ಒಂದು ಪಾಲನ್ನು ವರ್ಷವರ್ಷ ಖರ್ಚಾಗಿ ಕಳೆಯುವ ಅವಕಾಶ, ಪಡೆಯುತ್ತಿರುವ ಆಸ್ತಿ. ನಾಲ್ಕರಲ್ಲಿ 2021ರ ಜೂನ್‌ನಲ್ಲಿ ಏನು ಕೆಟ್ಟಿತು, ಏನೇನು ಬದಲಾಯಿತು, ಹಣ ಬ್ಯಾಂಕಿನ ಮೂಲಕ ಯಾವತ್ತು ಹೋಯಿತು. ಐದು ಮತ್ತು ಆರರಲ್ಲಿ ನೋಟಿಸು, ನಮ್ಮ ಉತ್ತರ, ದಿನಾಂಕದ ಸಮೇತ. ಕೊನೆಯದರಲ್ಲಿ ಆರ್ಡರ್ ಏನು ಹೇಳಿತು ಎಂಬುದನ್ನು ಅದರ ಪ್ಯಾರಾ ಸಂಖ್ಯೆ ಕೊಟ್ಟು, ಅದರದ್ದೇ ಮಾತಿನಲ್ಲಿ ಬರೆದೆ. ಎಲ್ಲಿಯೂ ನನ್ನ ಅಭಿಪ್ರಾಯ ಇಲ್ಲ. ಪ್ರತಿ ಪ್ಯಾರಾಗೂ ಒಂದು ಕಾಗದ, ಆ ಕಾಗದದ ಪುಟ ಸಂಖ್ಯೆ.

ಬಿಲ್ಲಿನ ಶೀರ್ಷಿಕೆಯನ್ನೂ ನಾನೇ ಬರೆದೆ, ಮುಚ್ಚಿಡಲಿಲ್ಲ. ಮೇಲೆ ಹೀಗಿದೆ, ಆದರೆ ಪಟ್ಟಿಯಲ್ಲಿ ಇರುವುದು ಇಷ್ಟೇ ಎಂದು ಎರಡೇ ವಾಕ್ಯ. ನಮಗೆ ಕಷ್ಟ ಕೊಡುವ ಸಂಗತಿಯನ್ನು ನಾವೇ ಮೊದಲು ಹೇಳಿದರೆ ಉಳಿದದ್ದನ್ನು ಓದುವವರು ನಂಬುತ್ತಾರೆ, ಅಲ್ವಾ?

ಆಧಾರಗಳಲ್ಲಿ ಕ್ರಮಕ್ಕೆ ಜಾಸ್ತಿ ಯೋಚಿಸಿದೆ. ಒಂದನೆಯದು ನೇರ: 4,80,000 ರೂಪಾಯಿಯನ್ನು ಬಂಡವಾಳ ವೆಚ್ಚ ಎಂದದ್ದು ತಪ್ಪು, ಅದು 1961ರ ಕಾಯ್ದೆಯ ಸೆಕ್ಷನ್ 31ರ ಚಾಲ್ತಿ ರಿಪೇರಿ. ಆರ್ಡರ್ ಪೂರ್ತಿ ಸೆಕ್ಷನ್ 37(1)ರ ಮೇಲೆ ನಡೆದಿತ್ತು. ಆದರೆ ಆ ಕಾಯ್ದೆಯಲ್ಲಿ ಮಷೀನ್ ರಿಪೇರಿಗೆ 31 ಇತ್ತು. 37 ಇದ್ದದ್ದು 30ರಿಂದ 36ರವರೆಗಿನ ಸೆಕ್ಷನ್‌ಗಳಲ್ಲಿ ಬಾರದ ಖರ್ಚಿಗೆ. ಎರಡನೆಯದು ಕಾರಣ: ಬದಲಾದದ್ದು ಬಿಡಿಭಾಗ, ಹೊಸ ಆಸ್ತಿ ಬಂದಿಲ್ಲ, ಉತ್ಪಾದನೆಯ ಸಾಮರ್ಥ್ಯ ಹೆಚ್ಚಿಲ್ಲ. ಮೂರನೆಯದು: ಶೋಕಾಸ್ ನೋಟಿಸಿಗೆ ಉತ್ತರಿಸಲು ಸಿಕ್ಕದ್ದು ಮೂರೇ ದಿನ, ಸಮಯ ಕೇಳಿದ್ದನ್ನು ಆರ್ಡರ್ ಎತ್ತಿಯೂ ನೋಡಿಲ್ಲ. ಕೆಲವರು ಇದನ್ನೇ ಮೊದಲು ಹಾಕುತ್ತಾರೆ. ನಮ್ಮ ಖರ್ಚು ಸರಿಯಾಗಿದೆ ಎನ್ನುವುದೇ ಗಟ್ಟಿ ಮಾತಾಗಿದ್ದರಿಂದ ನಾನು ಅದನ್ನು ಮುಂದಿಟ್ಟೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಮೊದಲ ವಾದ ಬಿಟ್ಟುಕೊಡದೆ ಕೇಳುವ ಪರ್ಯಾಯ ಆಧಾರ ಅದು. ಒಂದು ವೇಳೆ ಬಂಡವಾಳ ವೆಚ್ಚವೇ ಎಂದಾದರೆ, ಅದರ ಮೇಲೆ ಸವಕಳಿ ಕೊಡಲೇಬೇಕು. ಅಧಿಕಾರಿ ಬಂಡವಾಳ ಎಂದಿದ್ದರು, ಆದರೆ ಒಂದು ರೂಪಾಯಿ ಸವಕಳಿಯನ್ನೂ ಕೊಟ್ಟಿರಲಿಲ್ಲ. ಜೂನ್‌ನಲ್ಲೇ ಬಳಕೆಗೆ ಬಂದದ್ದರಿಂದ ಆ ವರ್ಷ 180 ದಿನ ದಾಟಿತ್ತು. ಹಾಗಾಗಿ ಪೂರ್ತಿ ಶೇಕಡಾ 15, ಅಂದರೆ 72,000 ರೂಪಾಯಿ. ಎಲ್ಲ ಸೋತರೂ ಇಷ್ಟು ಕೈಗೆ ಬರಬೇಕು ಎಂದು ಲೆಕ್ಕವನ್ನೇ ಬರೆದೆ.

ತೀರ್ಪುಗಳನ್ನು ಫಾರ್ಮಿನಲ್ಲಿ ತುಂಬಲಿಲ್ಲ. ವಿಚಾರಣೆಯ ನೋಟಿಸ್ ಬಂದಾಗ ಕೊಟ್ಟ ಲಿಖಿತ ವಾದದಲ್ಲಿ ಇಟ್ಟೆ. ಅದರಲ್ಲಿ ಮುಖ್ಯವಾದದ್ದು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಕೇಸು. ಅಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಇಲಾಖೆ. ನೂಲು ತೆಗೆಯುವ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಮಷೀನ್, ಅದನ್ನು ಬದಲಾಯಿಸುವುದು ಚಾಲ್ತಿ ರಿಪೇರಿ ಅಲ್ಲ ಎಂದು ಕೋರ್ಟು ಹೇಳಿತು. ಆದರೂ ನಾನೇ ಅದನ್ನು ಎತ್ತಿದೆ. ಇದ್ದ ಆಸ್ತಿಯನ್ನು ಉಳಿಸಿಕೊಳ್ಳಲು ಮಾಡಿದ ಖರ್ಚೇ, ಹೊಸದನ್ನು ತರಲು ಮಾಡಿದ್ದೇ ಎಂಬ ಅಳತೆಗೋಲು ಅಲ್ಲಿದೆ. ಆ ಕೋಲಿನಿಂದ ಅಳೆದರೆ ನಮ್ಮ ರೋಲರ್ ಗೆಲ್ಲುತ್ತದೆ.

ಸಾಮರ್ಥ್ಯ ಹೆಚ್ಚಿಲ್ಲ ಎನ್ನುವುದನ್ನು ಬರೀ ಮಾತಿನಲ್ಲಿ ಹೇಳಿದರೆ ಸಾಲದು. ರಿಪೇರಿಗೆ ಮುಂಚಿನ ಮತ್ತು ನಂತರದ ಉತ್ಪಾದನಾ ರಿಜಿಸ್ಟರ್ ಪುಟಗಳನ್ನು ಅಕ್ಕಪಕ್ಕ ಇಟ್ಟೆ. ಗಂಟೆಗೆ ಎಷ್ಟು ಮೀಟರ್ ಎಂಬ ಅಂಕಿ ಹೆಚ್ಚುಕಡಿಮೆ ಅಷ್ಟೇ ಇತ್ತು, ಕೆಟ್ಟು ವೇಸ್ಟ್ ಆಗುವ ಹಾಳೆ ಮಾತ್ರ ಇಳಿದಿತ್ತು. ಕೆಲಸ ಮಾಡಿದ ವರ್ಕ್‌ಶಾಪಿನವರಿಂದ ಒಂದು ಪತ್ರವನ್ನೂ ತಂದೆ. ‘ಅಪ್‌ಗ್ರೇಡೇಶನ್’ ತಮ್ಮ ಎಲ್ಲ ಬಿಲ್ಲಿನಲ್ಲೂ ಅಚ್ಚಾಗಿರುವ ಶೀರ್ಷಿಕೆ ಎಂದು ಅವರು ಬರೆದುಕೊಟ್ಟರು. ಈ ಪತ್ರ ಅಸೆಸ್‌ಮೆಂಟ್ ವೇಳೆ ಕೊಟ್ಟಿರಲಿಲ್ಲ. ಸುಮ್ನೆ ಲಗತ್ತಿಸಿದ್ದರೆ ಪಕ್ಕಕ್ಕೆ ಇಡುತ್ತಿದ್ದರು. ಹೊಸ ಸಾಕ್ಷ್ಯ ಸೇರಿಸಿಕೊಳ್ಳಲು ಕೇಳುವ ರೂಲ್ 46ಎ ಪ್ರಕಾರ ಬೇರೆ ಅರ್ಜಿ ಕೊಟ್ಟು, ಮೂರು ದಿನದಲ್ಲಿ ತರಲು ಆಗಲಿಲ್ಲ ಎಂದು ಕಾರಣ ಹೇಳಿದೆ. ನಮ್ಮ ಮೂರನೇ ಆಧಾರ ಇಲ್ಲಿ ಕೆಲಸಕ್ಕೆ ಬಂತು.

ಅಪೀಲು ನೋಡುವ ಅಧಿಕಾರಿ ಆ ಪತ್ರದ ಬಗ್ಗೆ ಅಸೆಸ್‌ಮೆಂಟ್ ಅಧಿಕಾರಿಯ ಅಭಿಪ್ರಾಯ ತರಿಸಿದರು, ನಮಗೂ ಅದಕ್ಕೆ ಉತ್ತರಿಸಲು ಅವಕಾಶ ಸಿಕ್ಕಿತು. ಮುಂದಿನ ವರ್ಷ ಆರ್ಡರ್ ಬಂತು. ಬಿಲ್ಲಿನ ಶೀರ್ಷಿಕೆಗಿಂತ ಬದಲಾದ ವಸ್ತುಗಳ ಪಟ್ಟಿ ಮುಖ್ಯ ಎಂದು ಬರೆದು ಪೂರ್ತಿ 4,80,000 ರೂಪಾಯಿಯನ್ನು ಖರ್ಚೆಂದು ಒಪ್ಪಿದ್ದರು. ಪರ್ಯಾಯ ಆಧಾರವನ್ನು ನೋಡುವ ಅಗತ್ಯ ಉಳಿಯಲಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು.