ಕಛೇರಿಗೆ ಮುಂಚಿನ ಇಪ್ಪತ್ತು ನಿಮಿಷ: ಒಂದು ಬಾಟಲಿ, ಒಂದು ಸ್ಟ್ರಾ, ಮೂರು ಮನೆ ಶ್ರುತಿ

ನೀರಿನ ಬಾಟಲಿಗೆ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ಸರಳೆ ವರಸೆ ಹಾಡಿದರೆ ಪಕ್ಕವಾದ್ಯದವರು ನಗುತ್ತಾರೆ. ನಗಲಿ. ಕಛೇರಿಗೆ ಮುಂಚೆ ಗಂಟಲು ಬಿಸಿಮಾಡಿಕೊಳ್ಳುವ ಈ ಕ್ರಮಕ್ಕೆ ಬಂದು ಮೂರು ವರ್ಷ ದಾಟಿತು. ಎರಡೂವರೆ ಗಂಟೆ ಹಾಡಿದ ಮಾರನೆಯ ಬೆಳಿಗ್ಗೆಯೂ ತಾರ ಪಂಚಮ ಮೆಲ್ಲಗೆ ಹಚ್ಚಿದರೆ ಬರುತ್ತದೆ. ಇದಕ್ಕೆ ಮುಂಚೆ, ಕಛೇರಿಯಾದ ಮೇಲೆ ಎರಡು ದಿನ ಬರುತ್ತಿರಲಿಲ್ಲ.

ನನ್ನ ಶ್ರುತಿ ಐದು ಮನೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ ನನಗೆ ಷಡ್ಜ. ಲೆಕ್ಕವೆಲ್ಲ ಅದರ ಮೇಲೆ ಹೇಳುತ್ತೇನೆ, ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ.

ಮೊದಲು ಹಣ ಹೋದ ದಾರಿ. ಆವಿಯ ಯಂತ್ರಕ್ಕೆ ಸಾವಿರದ ಚಿಲ್ಲರೆ, ಜ್ಯೇಷ್ಠಮಧು, ಕಷಾಯದ ಪುಡಿ, ಪುದೀನ ಸತ್ತ್ವದ ಗುಳಿಗೆ ಅಂತ ಎರಡು ಸೀಸನ್‌ನಲ್ಲಿ ಸುಮಾರು ನಾಲ್ಕು ಸಾವಿರ. ಇವುಗಳಲ್ಲಿ ಆವಿ ಮಾತ್ರ ಕೆಲಸಕ್ಕೆ ಬಂತು, ಏಕೆಂದರೆ ಉಸಿರಿನ ಜೊತೆ ಒಳಗೆ ಹೋಗುವುದು ಅದೊಂದೇ. ಕುಡಿದದ್ದು, ಚೀಪಿದ್ದು ಎಲ್ಲ ಅನ್ನನಾಳಕ್ಕೆ ಇಳಿಯುತ್ತದೆ. ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಮುಟ್ಟಿದರೆ ಕೆಮ್ಮು ಬರುತ್ತದೆ. ಹಾಗಾಗಿ ವೇದಿಕೆ ಹತ್ತುವಾಗ ಗಟಗಟ ಕುಡಿದ ಬಿಸಿನೀರಿನಿಂದ ಬಾಯಿ ಒದ್ದೆಯಾಗುತ್ತದೆ, ಅಷ್ಟೆ. ಕುಡಿಯುವ ನೀರು ಬೆಳಿಗ್ಗೆಯಿಂದಲೇ ಹೋಗಿರಬೇಕು. ಪುದೀನ ಗುಳಿಗೆಯಂತೂ ಮೋಸ. ಗಂಟಲು ತಣ್ಣಗಾಗಿ ನೋವು ಗೊತ್ತಾಗುವುದಿಲ್ಲ, ನೋವು ಗೊತ್ತಾಗದೆ ಇನ್ನೂ ಜೋರಾಗಿ ಹಾಡುತ್ತೇವೆ.

ಈಗ ಬಾಟಲಿ. ಅರ್ಧ ಲೀಟರಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು, ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳಗಲ. ತುಟಿ ಸ್ಟ್ರಾ ಸುತ್ತ ಮುಚ್ಚಿ, ಕೆನ್ನೆ ಸಡಿಲ ಬಿಟ್ಟು ‘ಊ’ ಅನ್ನಿ. ಗುಳ್ಳೆ ಒಂದೇ ಸಮ ಬರಬೇಕು. ಷಡ್ಜದಿಂದ ಪಂಚಮಕ್ಕೆ ಜಾರಿಸಿ ವಾಪಸ್ ಬನ್ನಿ, ಆಮೇಲೆ ಮಂದ್ರ ಪಂಚಮದವರೆಗೆ ಇಳಿಯಿರಿ. ನಾಲ್ಕು ನಿಮಿಷ ಸಾಕು. ನೀರು ಎದುರು ಒತ್ತುವುದರಿಂದ ಧ್ವನಿತಂತುಗಳ ಮೇಲ್ಭಾಗದಲ್ಲೂ ಒತ್ತಡ ಉಳಿದು, ಅವು ಒಂದನ್ನೊಂದು ಬಡಿಯುವ ರಭಸ ಕಡಿಮೆಯಾಗುತ್ತದೆ. ಬಡಿಯದೆ ಕಂಪಿಸುವುದನ್ನು ಅವಕ್ಕೆ ಮೊದಲು ನೆನಪಿಸುವುದು, ಅಷ್ಟೇ ಇದರ ಗುಟ್ಟು.

ಕೆಟ್ಟದ್ದು ಎಲ್ಲಿ ಅಂದರೆ, ‘ಜಾಸ್ತಿ ಮಾಡಿದರೆ ಜಾಸ್ತಿ ಲಾಭ’ ಅಂತ ಸ್ಟ್ರಾವನ್ನು ಒಂದು ಗೇಣು ಮುಳುಗಿಸಿದ್ದೆ. ಆಳ ಹೆಚ್ಚಿದಷ್ಟೂ ಊದುವ ಬಲ ಹೆಚ್ಚು ಬೇಕು, ಕತ್ತಿನ ನರ ಉಬ್ಬುತ್ತದೆ, ಬಿಡಿಸಬೇಕಾದ ಬಿಗಿತವನ್ನೇ ಕೂಡಿಸಿದಂತಾಗುತ್ತದೆ. ಕಾಫಿ ಕಲಕುವ ಸಣ್ಣ ಕೊಳವೆಯಲ್ಲಿ ತಲೆ ಸುತ್ತು ಬಂತು. ಎಳನೀರಿನವರ ದಪ್ಪ ಸ್ಟ್ರಾ ನನ್ನ ಗಂಟಲಿಗೆ ಹೊಂದಿತು. ಅದಕ್ಕೆ ಕೊಟ್ಟದ್ದು ಒಂದು ಎಳನೀರಿನ ದುಡ್ಡು.

ಎರಡನೇ ಹೆಜ್ಜೆಗೆ ಹಿರಿಯರು ಹುಬ್ಬು ಗಂಟಿಕ್ಕಿದರು: ಶ್ರುತಿ ಇಳಿಸುವುದು. ಐದು ಮನೆಯವಳು ಮೂರು ಮನೆಗೆ ಶ್ರುತಿ ಹಾಕಿಕೊಂಡು ಮಾಯಾಮಾಳವಗೌಳದ ಸರಳೆ ಹಾಡುವುದೆಂದರೆ ‘ಶ್ರುತಿಜ್ಞಾನ ಕೆಡುತ್ತದೆ’ ಅಂದರು. ಕೆಟ್ಟಿಲ್ಲ. ಮೂರು ಮನೆಯಲ್ಲಿ ಒಂದನೇ ಕಾಲ ಮಾತ್ರ, ‘ಊ’ಕಾರದಲ್ಲಿ, ಮಾತಾಡುವಷ್ಟೇ ದನಿಯಲ್ಲಿ ಎರಡು ಸರಳೆ. ನಾಲ್ಕರಲ್ಲಿ ‘ಓ’ಕಾರ. ನಾಲ್ಕೂವರೆಯಲ್ಲಿ ಮೊದಲ ಸಲ ‘ಅ’ಕಾರ. ಐದಕ್ಕೆ ಬರುವ ಹೊತ್ತಿಗೆ ಹನ್ನೆರಡು ನಿಮಿಷ ಆಗಿರುತ್ತದೆ, ಎರಡನೇ ಕಾಲಕ್ಕೆ ದನಿ ತಾನೇ ಹಾರುತ್ತದೆ. ‘ಅ’ಕಾರವನ್ನು ಕೊನೆಗಿಡುವುದಕ್ಕೆ ಕಾರಣವಿದೆ. ಬಾಯಿ ಪೂರ್ತಿ ತೆರೆದಾಗ ನೀರು ಕೊಡುತ್ತಿದ್ದಂಥ ಎದುರೊತ್ತಡ ಹೆಚ್ಚೇನೂ ಉಳಿಯುವುದಿಲ್ಲ. ‘ಊ’ಗೆ ತುಟಿಯೇ ಅರ್ಧ ಸ್ಟ್ರಾ.

ಗಮಕವನ್ನೂ ತಡವಾಗಿ ತರುತ್ತೇನೆ. ತೋಡಿಯ ಗಾಂಧಾರದಿಂದಲೇ ಶುರು ಮಾಡಿ ನೋಡಿದ್ದೆ, ವಾರಗಟ್ಟಲೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು. ಬಿಸಿಯಾಗದ ಗಂಟಲಲ್ಲಿ ಸ್ವರದ ಬದಲು ಗಂಟಲಗಂಟೇ ಕುಣಿಯುತ್ತದೆ. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ನಿಂತ ಸ್ವರ ಮೊದಲು, ಜಾರು ಆಮೇಲೆ, ಕಂಪಿತ ಕೊನೆಗೆ. ನಾಲ್ಕೂವರೆಯಿಂದ ಐದಕ್ಕೆ ದಾಟುವಾಗ ನಾಲಿಗೆಗೆ ಮಾಡುವ ಒಂದು ಸಣ್ಣ ಕೆಲಸವಿದೆ. ಎದುರು ಕೂತು ತೋರಿಸದೆ ಹೇಳಿದರೆ ನಾಲಿಗೆಯ ಬೇರು ಬಿಗಿಯುವುದೇ ಹೆಚ್ಚು, ಅದಕ್ಕೆ ಇಲ್ಲಿ ಬರೆಯುವುದಿಲ್ಲ.

ಇಪ್ಪತ್ತು ನಿಮಿಷ ದಾಟಿಸಬೇಡಿ. ಮೊದಮೊದಲು ಐವತ್ತು ನಿಮಿಷ ತೆಗೆದುಕೊಂಡು, ವರ್ಣ ಮುಗಿಯುವಷ್ಟರಲ್ಲಿ ಮುಖ್ಯ ಕೃತಿಗೆ ಇಟ್ಟಿದ್ದ ದನಿಯನ್ನೇ ಖರ್ಚು ಮಾಡಿಕೊಂಡದ್ದುಂಟು.

ಇನ್ನು ನಿಲ್ಲಿಸಬೇಕಾದ ಗುರುತುಗಳು. ನಾನು ನಂಬುವ ಪರೀಕ್ಷೆ ಒಂದೇ: ತಾರ ಗಾಂಧಾರದಿಂದ ಪಂಚಮದವರೆಗೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅನ್ನುವಷ್ಟು ಮೆಲ್ಲಗೆ, ‘ಊ’ ಅಂತ ಬಿಡಿ ಬಿಡಿಯಾಗಿ ಹಚ್ಚುವುದು. ದಿನಾ ಬರುವುದು ಇವತ್ತು ಬರಲಿಲ್ಲ, ಅಥವಾ ಮೊದಲು ಬರೀ ಗಾಳಿ ಬಂದು ಆಮೇಲೆ ಸ್ವರ ಹತ್ತಿತು, ಆದರೆ ಜೋರಾಗಿ ಹಾಡಿದರೆ ಬರುತ್ತದೆ ಅಂದರೆ ಧ್ವನಿತಂತುಗಳ ಅಂಚು ಊದಿರಬಹುದು. ಊದಿದ ಅಂಚು ಕಡಿಮೆ ಗಾಳಿಯಲ್ಲಿ ಸರಿಯಾಗಿ ಕೂಡುವುದಿಲ್ಲ, ಜೋರು ಮಾಡಿದಾಗ ಬಲವಂತಕ್ಕೆ ಕೂಡುತ್ತದೆ. ‘ಜೋರಾಗಿ ಬರ್ತಿದೆಯಲ್ಲ’ ಅಂತ ಅವತ್ತು ಹಾಡುವುದೇ ದೊಡ್ಡ ತಪ್ಪು. ಅಂಥ ದಿನ ಸ್ಟ್ರಾ ಮಾಡಿ ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಪರೀಕ್ಷಿಸುತ್ತೇನೆ. ಆಗಲೂ ಬರದಿದ್ದರೆ ಅಭ್ಯಾಸ ಬಂದ್.

ಎರಡು ನಿಮಿಷಕ್ಕೊಮ್ಮೆ ಗಂಟಲು ಕೆರೆದು ಸರಿಮಾಡಿಕೊಳ್ಳಬೇಕು ಅನ್ನಿಸುವುದು, ಹಾಡಿದ ಮೇಲೆ ಮಾತಿನ ದನಿ ದಪ್ಪಗಾಗುವುದು, ಇವೂ ಅದೇ ಜಾತಿಯವು. ನೋವು ಬಂದರೆ ಪರೀಕ್ಷೆಯೂ ಬೇಡ, ಅಲ್ಲೇ ನಿಲ್ಲಿಸಿ. ಕೂಗಿದಾಗಲೋ ಕೆಮ್ಮಿದಾಗಲೋ ಹಾಡಿನ ಮಧ್ಯದಲ್ಲೋ ದನಿ ಒಮ್ಮೆಗೇ ಹೋದರೆ ಧ್ವನಿತಂತುವಿನಲ್ಲಿ ರಕ್ತ ಸೋರಿರಬಹುದು. ಆಗ ಪೂರ್ತಿ ಮೌನ, ತಡಮಾಡದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಗಂಟಲಿಗೆ ಕ್ಯಾಮೆರಾ ಹಾಕಿಸಿ ನೋಡುವುದು. ಪಿಸುಮಾತೂ ಬೇಡ, ಪಿಸುಗುಟ್ಟುವಾಗ ಅನೇಕರು ಗಂಟಲು ಇನ್ನೂ ಬಿಗಿಹಿಡಿಯುತ್ತಾರೆ. ತಲೆನೋವಿಗೆ ಆಸ್ಪಿರಿನ್ ನುಂಗಿ ಹಾಡುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ, ಅದು ರಕ್ತಸ್ರಾವ ಹೆಚ್ಚಿಸುವ ಮಾತ್ರೆ. ಸಾಧಾರಣ ದನಿ ಒಡಕು ಎರಡು ಮೂರು ವಾರ ಕಳೆದರೂ ಹೋಗದಿದ್ದರೂ ಡಾಕ್ಟರೇ. ಕ್ಯಾಮೆರಾ ಹಾಕಿಸಲು ನನಗೆ ಎರಡು ಸಾವಿರದ ಆಸುಪಾಸು ಆಗಿತ್ತು. ಕಷಾಯದ ಪುಡಿಗೆ ಸುರಿದದ್ದಕ್ಕಿಂತ ಕಡಿಮೆ.

ಗುರುತು ಕಛೇರಿಯ ನಡುವೆಯೇ ಕಂಡರೆ? ರಾಮೋತ್ಸವದ ಚಪ್ಪರದಲ್ಲಿ ಸಂಜೆ ಆರೂವರೆಗೆ ಕೂತಿದ್ದೀರಿ, ಎದುರಿಗೆ ಫ್ಯಾನು, ಧೂಳು, ಮಾನಿಟರ್ ಕೇಳಿಸದೆ ದನಿ ಏರಿಸುತ್ತಾ ಹೋಗಿದ್ದೀರಿ. ಒಂದು ಗಂಟೆ ಹಾಡಿದ ಹೊತ್ತಿಗೆ ಆಲಾಪನೆಯಲ್ಲಿ ತಾರ ಷಡ್ಜ ಗಾಳಿಯಾಗಿ ಹತ್ತಿತು. ಮೊದಲು ಮೈಕ್ ಹತ್ತಿರ ಎಳೆದುಕೊಂಡು ಮಾನಿಟರ್ ಏರಿಸಲು ಸನ್ನೆ ಮಾಡಿ. ಮೇಲಕ್ಕೆ ಎಳೆಯುವ ಕಾಂಭೋಜಿಯಂಥದ್ದನ್ನು ಬಿಟ್ಟು ಮಧ್ಯಸ್ಥಾಯಿಯಲ್ಲೇ ನಿಲ್ಲಬಲ್ಲ ರಾಗ ಹಿಡಿಯಿರಿ, ನೆರವಲನ್ನು ಪೂರ್ವಾಂಗದ ಕೆಳಸ್ವರಗಳಲ್ಲೇ ಇಡಿ, ಪಿಟೀಲಿಗೆ ಉದ್ದದ ಸರದಿ ಬಿಡಿ. ಆಮೇಲೆ ಮೃದಂಗಕ್ಕೆ ತನಿ ಆವರ್ತನವನ್ನು ಬೇಗ ಕೊಟ್ಟುಬಿಡಿ. ಹನ್ನೆರಡು, ಹದಿನೈದು ನಿಮಿಷ ಬಾಯಿ ಮುಚ್ಚಿ ತಾಳ ಹಾಕುವುದಷ್ಟೇ ನಿಮ್ಮ ಕೆಲಸ. ಮೃದಂಗದವರು ಬೇಸರ ಮಾಡಿಕೊಂಡದ್ದನ್ನು ನಾನಂತೂ ನೋಡಿಲ್ಲ.