ಮೊದಲ ದಿನವೇ ನೆಟ್ಸ್ ಕಟ್ಟಬೇಡಿ: ಶಾಲಾ ಕ್ರಿಕೆಟ್ ತಂಡಕ್ಕೆ 12 ವಾರಗಳ ತಯಾರಿ

ಋತು ಶುರುವಾಗಲು ಮೂರು ತಿಂಗಳಿದೆ. ವಾರಕ್ಕೆ ಮೂರು ಸಂಜೆ, ಒಂದೊಂದು ಸಂಜೆಗೆ ಒಂದೂವರೆ ಗಂಟೆ ಸಿಗುತ್ತದೆ. ಬಹುತೇಕ ಶಾಲಾ ತಂಡಗಳು ಆಗ ಮಾಡುವುದು ಒಂದೇ: ಮೊದಲ ದಿನವೇ ಎರಡು ನೆಟ್ ಕಟ್ಟಿ, ಹದಿನಾರು ಹುಡುಗರಿಗೂ ಹತ್ತತ್ತು ನಿಮಿಷ ಬ್ಯಾಟಿಂಗ್ ಹಂಚುವುದು. ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಆರೇಳು ವಾರ ಕಳೆಯುವಷ್ಟರಲ್ಲಿ ತಂಡದ ಅತಿ ವೇಗದ ಹುಡುಗ ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿರುತ್ತಾನೆ. ಇದನ್ನು ನಾನು ಒಂದಲ್ಲ, ಹಲವು ತಂಡಗಳಲ್ಲಿ ಕಂಡಿದ್ದೇನೆ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಂದು ನೆಟ್‌ನಲ್ಲಿ ಎಂಟು ಬ್ಯಾಟರ್‌ಗಳು, ತಲಾ ಹತ್ತು ನಿಮಿಷ ಎಂದರೆ 80 ನಿಮಿಷ. ಅರ್ಧ ನಿಮಿಷಕ್ಕೊಂದು ಎಸೆತ ಎಂದರೆ 160 ಎಸೆತ. ನಾಲ್ವರು ಬೌಲರ್‌ಗಳು ಹಂಚಿಕೊಂಡರೂ ಒಬ್ಬೊಬ್ಬನ ಪಾಲಿಗೆ 40. ವಾರಕ್ಕೆ ಮೂರು ದಿನ, ಅಂದರೆ 120 ಎಸೆತ. ಎರಡು ತಿಂಗಳು ಚೆಂಡನ್ನೇ ಮುಟ್ಟದ ಹುಡುಗನಿಗೆ ಮೊದಲ ವಾರದಲ್ಲೇ 20 ಓವರ್! ಅಷ್ಟು ಹಾಕಿಸಬೇಕೆಂದು ಕೋಚ್ ತೀರ್ಮಾನಿಸಿದ್ದಲ್ಲ. ಬ್ಯಾಟಿಂಗ್ ಸರದಿ ಮುಗಿಯುವವರೆಗೆ ಯಾರಾದರೂ ಚೆಂಡು ಹಾಕಲೇಬೇಕಲ್ಲ, ಹಾಗಾಗಿ ಅಷ್ಟಾಯಿತು. ಆದ್ದರಿಂದ 12 ವಾರಗಳ ಯೋಜನೆಯನ್ನು ಬ್ಯಾಟಿಂಗ್‌ನಿಂದ ಅಲ್ಲ, ವೇಗದ ಬೌಲರ್‌ಗಳ ಎಸೆತಗಳ ಲೆಕ್ಕದಿಂದ ಶುರುಮಾಡಿ. ಉಳಿದದ್ದೆಲ್ಲ ಅದರ ಸುತ್ತ ಹೊಂದಿಕೊಳ್ಳುತ್ತದೆ.

ಹಂತ 1: ಕ್ಯಾಲೆಂಡರನ್ನು ಹಿಂದಿನಿಂದ ಬರೆಯಿರಿ

ಮೊದಲ ಪಂದ್ಯ 12ನೇ ವಾರದ ಶನಿವಾರ ಎಂದಿಟ್ಟುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ. 9ರಿಂದ 11ನೇ ವಾರ ಪಂದ್ಯದಂತೆಯೇ ಆಡುವ ಕಾಲ, 5ರಿಂದ 8 ಏರಿಸುವ ಕಾಲ, 1ರಿಂದ 4 ತಳಪಾಯ. 4ನೇ ಮತ್ತು 8ನೇ ವಾರವನ್ನು ಹಗುರ ವಾರವೆಂದು ಗುರುತಿಸಿ. ಶಾಲೆಯ ಪರೀಕ್ಷೆಗಳು ಎಲ್ಲಿ ಬೀಳುತ್ತವೆ ನೋಡಿಕೊಂಡು ಹಗುರ ವಾರವನ್ನು ಅಲ್ಲಿಗೇ ಸರಿಸಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ. ಕಾಗದದ ಮೇಲೆ 36 ಸಂಜೆಗಳಿದ್ದರೂ ಮಳೆ, ರಜೆ, ಶಾಲಾ ಕಾರ್ಯಕ್ರಮ ಕಳೆದು 30 ಸಿಗುತ್ತವೆ ಎಂದೇ ಯೋಜಿಸಿ. ಅಭ್ಯಾಸದ ದಿನಗಳು ಒಂದರ ಬೆನ್ನಿಗೊಂದು ಬರದಿರಲಿ. ಮಂಗಳವಾರ, ಗುರುವಾರ, ಶನಿವಾರ ಒಳ್ಳೆಯ ಜೋಡಣೆ.

ಹಂತ 2: ಎಸೆತಗಳ ಏಣಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ವೇಗದ ಬೌಲರ್ ಚೆಂಡು ಬಿಡುವುದಕ್ಕೆ ತುಸು ಮುನ್ನ ಅವನ ಮುಂಗಾಲು ದೇಹದ ತೂಕದ ಹಲವು ಪಟ್ಟು ಬಲದಿಂದ ನೆಲಕ್ಕೆ ಅಪ್ಪಳಿಸುತ್ತದೆ. ಅದೇ ಕ್ಷಣ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಈ ಹೊಡೆತವೆಲ್ಲ ಬೆನ್ನುಮೂಳೆಯ ಕೆಳತುದಿಯ ಒಂದೆರಡು ಎಲುಬುಗಳ ಹಿಂಭಾಗಕ್ಕೆ ಬೀಳುತ್ತದೆ. ಇನ್ನೂ ಬೆಳೆಯುತ್ತಿರುವ ಹುಡುಗರಲ್ಲಿ ಅದು ಗಟ್ಟಿಯಾಗಿರುವುದಿಲ್ಲ. ಸ್ನಾಯು ಎರಡು ಮೂರು ವಾರದಲ್ಲಿ ಹೊಸ ಹೊರೆಗೆ ಒಗ್ಗಿಕೊಳ್ಳುತ್ತದೆ, ದಮ್ಮೂ ಬೇಗ ಬರುತ್ತದೆ. ಎಲುಬು ಹಾಗಲ್ಲ. ಅದು ಹಳೆಯದನ್ನು ಮೊದಲು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ಕೆಲವು ವಾರ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಹುಡುಗ 'ಚೆನ್ನಾಗಿದ್ದೀನಿ ಸಾರ್, ಇನ್ನೂ ಹಾಕ್ತೀನಿ' ಎನ್ನುವಾಗ ಸ್ನಾಯು ಮಾತಾಡುತ್ತಿರುತ್ತದೆಯೇ ಹೊರತು ಎಲುಬಲ್ಲ. ಅತಿಯಾಗಿ ಹಾಕಿದ ವಾರಕ್ಕೂ ನೋವು ಕಾಣಿಸಿಕೊಳ್ಳುವ ವಾರಕ್ಕೂ ಮೂರು ನಾಲ್ಕು ವಾರಗಳ ಅಂತರ ಇರುವುದುಂಟು. ಅದಕ್ಕೇ ಯಾರೂ ಮೊದಲ ವಾರದ ನೆಟ್ಸ್ ಮೇಲೆ ಅನುಮಾನ ಪಡುವುದಿಲ್ಲ.

ಎಷ್ಟು ಹಾಕಿಸಬಹುದು? ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಕಿರಿಯ ವೇಗಿಗಳಿಗೆಂದು ಬಹುಕಾಲ ಬಳಸಿದ ಮಿತಿ ಒಳ್ಳೆಯ ಅಳತೆಗೋಲು: 13ರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10, 15ರೊಳಗಿನವರಿಗೆ 6 ಮತ್ತು 12, 17ರೊಳಗಿನವರಿಗೆ 7 ಮತ್ತು 18. ಆದರೆ ಇದು ಚಾವಣಿ, ಮೊದಲ ಮೆಟ್ಟಿಲಲ್ಲ. ಈ ವ್ಯತ್ಯಾಸ ಮರೆತು, 'ದಿನಕ್ಕೆ 12 ಓವರ್ ತನಕ ಪರವಾಗಿಲ್ಲವಂತೆ' ಎಂದು ಮೊದಲ ವಾರವೇ ಹಾಕಿಸುವವರೂ ಇದ್ದಾರೆ.

ಒಬ್ಬ ಹುಡುಗನನ್ನು ತೆಗೆದುಕೊಳ್ಳೋಣ. ವಯಸ್ಸು 14. ಎರಡು ತಿಂಗಳಿಂದ ಬೌಲಿಂಗ್ ಇಲ್ಲ. ಮೊದಲ ಪಂದ್ಯದಲ್ಲಿ ಅವನಿಂದ 10 ಓವರ್, ಅಂದರೆ 60 ಎಸೆತ ಬೇಕು.

ಮೊದಲ ವಾರ ದಿನಕ್ಕೆ 12 ಎಸೆತ, ಎರಡನೇ ವಾರ 18, ಮೂರನೇ ವಾರ 24. ವಾರದ ಮೊತ್ತ 36, 54, 72 ಆಯಿತು. ನಾಲ್ಕನೇ ವಾರ ಹಗುರ: ಎರಡೇ ದಿನ, 24ರಂತೆ 48. ಐದನೇ ವಾರ ಮತ್ತೆ 72ಕ್ಕೆ ಬನ್ನಿ, ಆದರೆ ಈ ಸಲ ಪೂರ್ತಿ ರನ್‌ಅಪ್‌ನಿಂದ. ಪೂರ್ತಿ ರನ್‌ಅಪ್‌ಗೆ ಬಂದ ವಾರ ಸಂಖ್ಯೆಯನ್ನೂ ಏರಿಸಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಆರನೇ ವಾರ 84, ಏಳನೆಯದು 96, ಎಂಟನೇ ವಾರ ಹಗುರವಾಗಿ 60. ಒಂಬತ್ತಕ್ಕೆ 96, ಹತ್ತಕ್ಕೆ 108, ಹನ್ನೊಂದಕ್ಕೆ 120. ಕೊನೆಯ ಈ ಎರಡು ವಾರ ಮಂಗಳವಾರ 36, ಗುರುವಾರ 24ರಲ್ಲೇ ನಿಲ್ಲಿಸಿ. ಏರಿಕೆಯೆಲ್ಲ ಶನಿವಾರದ ಅಭ್ಯಾಸ ಪಂದ್ಯದಲ್ಲಿ, ಮೊದಲು 48, ನಂತರ 60. ಅದನ್ನೂ ಒಂದೇ ಉಸಿರಿಗೆ ಅಲ್ಲ, 5, 3, 2 ಓವರ್‌ಗಳ ಸ್ಪೆಲ್‌ಗಳಾಗಿ. 12ನೇ ವಾರ ಮಂಗಳವಾರ 30, ಗುರುವಾರ ಬರೀ 18, ಶನಿವಾರ ಪಂದ್ಯ.

ನೋಡಿದಿರಾ? ಆ 120 ಎಸೆತ ಇಲ್ಲೂ ಬಂತು. ಆದರೆ ಹನ್ನೊಂದನೇ ವಾರದಲ್ಲಿ.

ಮೊದಲ ಮೂರು ವಾರ 'ಎಪ್ಪತ್ತು ಪರ್ಸೆಂಟ್ ಹಾಕು' ಎಂದು ಹೇಳಿ ಸುಮ್ಮನಾಗಬೇಡಿ. ಬ್ಯಾಟರ್ ಎದುರಿಗಿದ್ದಾಗ ಯಾವ ಹುಡುಗನೂ ಎಪ್ಪತ್ತಕ್ಕೆ ನಿಲ್ಲುವುದಿಲ್ಲ. ರನ್‌ಅಪ್ ಮೊಟಕುಗೊಳಿಸಿ: ಮೊದಲ ವಾರ ನಾಲ್ಕು ಹೆಜ್ಜೆ, ಮುಂದಿನ ಎರಡು ವಾರ ಅರ್ಧ ರನ್‌ಅಪ್. ಓಟದ ವೇಗ ಕಡಿಮೆಯಾದರೆ ಕಾಲಿನ ಹೊಡೆತ ತಾನಾಗಿಯೇ ಕಡಿಮೆಯಾಗುತ್ತದೆ. ಜೊತೆಗೆ ಬ್ಯಾಟರನ್ನು ತೆಗೆದು, ಒಂದು ಸ್ಟಂಪ್ ನೆಟ್ಟುಬಿಡಿ. ಸಿಮೆಂಟಿನ ಮೇಲೆ ಮ್ಯಾಟ್ ಹಾಸಿದ ಪಿಚ್ ಇದ್ದರೆ ಈ ವಾರಗಳಲ್ಲಿ ಅದರ ಪಕ್ಕದ ಹುಲ್ಲಿನ ಮೇಲೆ ಹಾಕಿಸಿ.

ಇಲ್ಲೇ ಒಂದು ಮಾತು. ವೇಗ ಹೆಚ್ಚಿಸುತ್ತದೆ ಎಂದು ಭಾರದ ಚೆಂಡು, ಸೊಂಟಕ್ಕೆ ಕಟ್ಟುವ ರಬ್ಬರ್ ಬೆಲ್ಟ್ ಮಾರುತ್ತಾರೆ. ಹದಿನಾಲ್ಕರ ಹುಡುಗನಿಗೆ ಎರಡೂ ಬೇಡ. ಆ ಹಣಕ್ಕೆ ಒಂದು ನೋಟ್‌ಬುಕ್, ಉಳಿದದ್ದಕ್ಕೆ ಅಭ್ಯಾಸದ ಚೆಂಡು ತನ್ನಿ.

ಹಂತ 3: ಪುಸ್ತಕ

ಒಬ್ಬೊಬ್ಬ ವೇಗಿಗೆ ಒಂದು ಪುಟ. ಎಣಿಸುವ ಕೆಲಸ ಬೌಲರ್‌ಗೆ ಕೊಡಬೇಡಿ, ಅವನು ಕಡಿಮೆಯೇ ಹೇಳುತ್ತಾನೆ. ಗಾಯಗೊಂಡು ಕೂತ ಆಟಗಾರನೋ ಸ್ಕೋರರ್ರೋ ಬರೆಯಲಿ. ಮುಖ್ಯವಾದದ್ದು, 'ನಿನ್ನೆ ಎಲ್ಲಾದರೂ ಹಾಕಿದೆಯಾ?' ಎಂದು ಪ್ರತಿ ಸಲ ಕೇಳುವುದು. ಒಳ್ಳೆಯ ಬೌಲರನ್ನು ಕ್ಲಬ್ಬಿನವರೂ ಕರೆಯುತ್ತಾರೆ, ಬೀದಿಯ ತಂಡದವರೂ ಕರೆಯುತ್ತಾರೆ. ಭಾನುವಾರ ಅಲ್ಲಿ ಹಾಕಿದ 48 ಎಸೆತ ನಿಮ್ಮ ಲೆಕ್ಕದ್ದೇ. ಅಷ್ಟನ್ನು ಮಂಗಳವಾರ, ಗುರುವಾರಗಳಿಂದ ಕಳೆಯಿರಿ.

ಹುಡುಗ ಜ್ವರ ಬಂದು ಒಂದು ವಾರ ತಪ್ಪಿಸಿದರೆ, ಬಂದ ಮೇಲೆ ಉಳಿದವರ ವಾರಕ್ಕೆ ಜಿಗಿಸಬೇಡಿ. ತಾನು ಕೊನೆಗೆ ಮುಗಿಸಿದ ವಾರವನ್ನೇ ಇನ್ನೊಮ್ಮೆ ಮಾಡಲಿ. ಎರಡು ವಾರ ತಪ್ಪಿದರೆ ಎರಡು ಮೆಟ್ಟಿಲು ಕೆಳಗೆ. ಅವನಿಗೆ ಮೊದಲ ಪಂದ್ಯದಲ್ಲಿ 10 ಓವರ್ ಸಿಗುವುದಿಲ್ಲ, 6 ಸಿಗುತ್ತದೆ. ನಾಯಕನಿಗೆ ಅದನ್ನು ಮೊದಲೇ ಹೇಳಿಬಿಡಿ.

ಹಂತ 4: ತೊಂಬತ್ತು ನಿಮಿಷ ಹಂಚುವುದು

ಮೊದಲ ಹದಿನೈದು ನಿಮಿಷದಲ್ಲಿ ಮೈ ಬಿಸಿಮಾಡಿಕೊಂಡು, 20 ಮೀಟರ್ ಓಟ, ನಡೆದುಕೊಂಡು ವಾಪಸ್, ಹೀಗೆ ಎಂಟು ಹತ್ತು ಸಲ. ಮೈದಾನದ ಸುತ್ತ ಹತ್ತು ಸುತ್ತು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಇರುವುದೇ ಒಂದೂವರೆ ಗಂಟೆ, ಕ್ರಿಕೆಟ್‌ನಲ್ಲಿ ಯಾರೂ ಒಂದೇ ಹದದಲ್ಲಿ ಕಾಲು ಗಂಟೆ ಓಡುವುದೂ ಇಲ್ಲ.

ನಂತರದ 25 ನಿಮಿಷ ವೇಗಿಗಳದ್ದು. ನಾಲ್ವರಿದ್ದರೆ ನೆಟ್‌ಗೆ ಇಬ್ಬರು. ಇಪ್ಪತ್ತು ಸೆಕೆಂಡಿಗೊಂದು ಎಸೆತ ಬಿದ್ದರೆ ತಲಾ 36 ಎಸೆತ ಇಷ್ಟರಲ್ಲಿ ಮುಗಿಯುತ್ತದೆ. ಕೊನೆಯ ಎಸೆತ ಬಿದ್ದ ಕೂಡಲೇ ಅವರ ಕೈಯಿಂದ ಚೆಂಡು ತೆಗೆದುಕೊಂಡುಬಿಡಿ. ಆಮೇಲೆ 35 ನಿಮಿಷ ಬ್ಯಾಟಿಂಗ್, ಸ್ಪಿನ್ನರ್‌ಗಳು ಮತ್ತು ಥ್ರೋಡೌನ್‌ಗಳೊಂದಿಗೆ. ದಿನಕ್ಕೆ ಎಂಟೇ ಜನಕ್ಕೆ ಸರದಿ. 'ಇವತ್ತು ನನಗೆ ಬ್ಯಾಟಿಂಗೇ ಇಲ್ವಾ ಸಾರ್' ಎಂಬ ಮುನಿಸು ಮೊದಲ ಎರಡು ವಾರ ಇರುತ್ತದೆ, ಸಹಿಸಿಕೊಳ್ಳಿ. ಕೊನೆಯ 15 ನಿಮಿಷ ಫೀಲ್ಡಿಂಗ್. ಬೌಂಡರಿಯಿಂದ ಎಸೆಯುವ ಥ್ರೋಗಳನ್ನೂ ಮೊದಲ ವಾರ ಹತ್ತಕ್ಕೆ ಮಿತಿಗೊಳಿಸಿ, ಭುಜಕ್ಕೂ ಇದೇ ಏಣಿ ಬೇಕು.

ಬ್ಯಾಟರ್‌ಗಳ ವಿಷಯ ಸುಲಭ: ನಾಲ್ಕು ವಾರ ಥ್ರೋಡೌನ್, ನಾಲ್ಕು ವಾರ ನೆಟ್, ಆಮೇಲೆ ನಡು ಪಿಚ್‌ನಲ್ಲಿ 'ಆರು ಓವರ್, 40 ರನ್, ಮೂರು ವಿಕೆಟ್ ಬಾಕಿ' ಎಂಬಂಥ ಪಂದ್ಯಗಳು.

ಹಂತ 5: ನೋವನ್ನು ಗುರುತಿಸುವುದು

ಸ್ನಾಯು ಹಿಡಿದಿದ್ದರೆ ಮೈ ಬಿಸಿಯಾದಂತೆ ಸಡಿಲವಾಗುತ್ತದೆ. ಎಲುಬಿನ ನೋವು ಎಸೆತದಿಂದ ಎಸೆತಕ್ಕೆ ಹೆಚ್ಚುತ್ತದೆ. ಅದು ಸಾಮಾನ್ಯವಾಗಿ ಒಂದೇ ಬದಿಗೆ, ಬೌಲಿಂಗ್ ಕೈಗೆ ವಿರುದ್ಧವಾಗಿ ಇರುತ್ತದೆ. ಬಲಗೈ ಬೌಲರ್‌ಗೆ ಸೊಂಟದ ಎಡಕ್ಕೆ. ಎಡಗಾಲೊಂದರ ಮೇಲೆ ನಿಂತು ಹಿಂದಕ್ಕೆ ಬಾಗು ಎನ್ನಿ. ಆಗ ಆ ಜಾಗದಲ್ಲೇ ಚುಚ್ಚಿದರೆ ಬೌಲಿಂಗ್ ಅಂದೇ ನಿಲ್ಲಬೇಕು. ಚುಚ್ಚದಿದ್ದರೂ ನೋವು ಮರುದಿನ ಬೆಳಿಗ್ಗೆಗೂ ಉಳಿದಿದ್ದರೆ ವೈದ್ಯರ ಬಳಿ ಕಳಿಸಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಹಾಗಾಗಿ 'ಎಕ್ಸ್‌ರೇ ಸರಿಯಾಗಿದೆ' ಎಂಬ ಕಾರಣಕ್ಕೆ ಮತ್ತೆ ಚೆಂಡು ಕೊಡಬೇಡಿ. ನೋವಿನ ಸ್ಪ್ರೇಯನ್ನಂತೂ ಕಿಟ್‌ಬ್ಯಾಗ್‌ನಿಂದ ತೆಗೆದು ಆಚೆ ಇಡಿ. ಅದು ನಿಮಗೆ ಬೇಕಾದ ಸೂಚನೆಯನ್ನೇ ಮುಚ್ಚಿಬಿಡುತ್ತದೆ. ಬಿರುಕು ಪೂರ್ತಿಯಾಗಿ ಬಿಟ್ಟರೆ ವಾಸಿಯಾಗಲು ತಿಂಗಳುಗಳೇ ಬೇಕು, ಆ ಋತು ಅಲ್ಲಿಗೆ ಮುಗಿಯಿತು.

ಮೊದಲ ಪಂದ್ಯದ ಸಂಜೆ ಸ್ಕೋರ್‌ಬುಕ್ ನೋಡಿ 60 ಎಂದು ಬರೆದುಕೊಳ್ಳುವ ಮುನ್ನ ವೈಡ್, ನೋಬಾಲ್‌ಗಳನ್ನೂ ಕೂಡಿಸಿ. ಊಟದ ವಿರಾಮದಲ್ಲಿ ಗೆಳೆಯನಿಗೆ ಹಾಕಿದ ಎರಡು ಓವರ್‌ಗಳನ್ನೂ ಸೇರಿಸಿ. ಮುಂದಿನ ಮಂಗಳವಾರ ಎಷ್ಟು ಹಾಕಿಸಬೇಕೆಂಬುದು ಆ ಮೊತ್ತ ನೋಡಿದ ಮೇಲೆಯೇ ತೀರ್ಮಾನವಾಗಬೇಕು.