ಅಮ್ಮನ ಮಾತ್ರೆಗಳನ್ನು ಜೆನೆರಿಕ್‌ಗೆ ಬದಲಿಸಿದ ಬಗೆ

ಅಮ್ಮನಿಗೆ ಬಿಪಿ, ಶುಗರ್, ಥೈರಾಯ್ಡ್ ಮೂರೂ ಇವೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಿಂಗಳ ಮಾತ್ರೆ ತರೋದು ನನ್ನ ಪಾಲಿನ ಕೆಲಸ. ಖರ್ಚು ಜಾಸ್ತಿ ಆಗ್ತಾ ಬಂದಾಗ, ಔಷಧದ ಹೆಸರಲ್ಲೇ ಕಡಿಮೆ ಬೆಲೆಗೆ ಸಿಗುವ ಜೆನೆರಿಕ್ ಮಾತ್ರೆಗಳನ್ನು ಜನೌಷಧಿ ಕೇಂದ್ರದಿಂದ ತರೋಣ ಅಂತ ನಿರ್ಧರಿಸಿದೆ.

ಅಂಗಡಿಗೆ ಹೋಗುವ ಮೊದಲು ಹಳೇ ಸ್ಟ್ರಿಪ್‌ಗಳನ್ನು ಮುಂದಿಟ್ಟುಕೊಂಡು ಕೂತೆ. ಕಂಪನಿ ಇಟ್ಟ ಹೆಸರನ್ನು ಬಿಟ್ಟು, ಒಳಗಿರುವ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆದುಕೊಂಡೆ. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಎರಡೂ ಇದ್ದವು. ಶುಗರ್ ಮಾತ್ರೆಯಲ್ಲಿ ಗ್ಲಿಮೆಪಿರೈಡ್ 1, ಮೆಟ್‌ಫಾರ್ಮಿನ್ 500. ಮೆಟ್‌ಫಾರ್ಮಿನ್ ಪಕ್ಕದಲ್ಲಿ ಸಣ್ಣದಾಗಿ ಸಸ್ಟೈನ್ಡ್ ರಿಲೀಸ್ ಅಂತ ಇತ್ತು. ಇದನ್ನು ಬಿಡುವ ಹಾಗಿಲ್ಲ. ಆ ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಔಷಧ ಬಿಡುತ್ತದೆ. ಸಾದಾ ಮೆಟ್‌ಫಾರ್ಮಿನ್ ಬೇಗ ಕರಗುತ್ತದೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಮಿಲಿಗ್ರಾಂ ಒಂದೇ ಆದರೂ ಎರಡೂ ಒಂದೇ ಮಾತ್ರೆ ಅಲ್ಲ. ಜೆನೆರಿಕ್ ಸ್ಟ್ರಿಪ್ ಮೇಲೆ ಪ್ರೊಲಾಂಗ್ಡ್ ರಿಲೀಸ್ ಅಂತ ಇದ್ದರೆ ಅದೂ ನಿಧಾನವಾಗಿ ಬಿಡುವ ಬಗೆಯೇ.

ಈ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿದೆ. ಬಿಪಿ, ಶುಗರ್ ಮಾತ್ರೆ ಬದಲಿಸಬಹುದು ಅಂದರು, ಔಷಧದ ಹೆಸರಲ್ಲೇ ಹೊಸ ಚೀಟಿ ಬರೆದುಕೊಟ್ಟರು. ಥೈರಾಯ್ಡ್ ಮಾತ್ರೆ ಮಾತ್ರ ಅದೇ ಕಂಪನಿಯದೇ ಇರಲಿ ಅಂದರು. ಅದರಲ್ಲಿರುವ ಥೈರಾಕ್ಸಿನ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ, ಥೈರಾಯ್ಡ್ ಹತೋಟಿಯಲ್ಲಿದೆಯಾ ಅಂತ ರಕ್ತದಲ್ಲಿ ನೋಡುವ ಟಿಎಸ್‌ಎಚ್ ಏರುಪೇರಾಗುತ್ತದೆ. ಬದಲಿಸಲೇಬೇಕಾದರೆ ಆರರಿಂದ ಎಂಟು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಉಳಿಯುವ ದುಡ್ಡಿಗಿಂತ ತಲೆನೋವೇ ಜಾಸ್ತಿ ಅಂತ ನನಗೂ ಅನ್ನಿಸಿತು.

ಮನೆಯಲ್ಲಿ ನನಗೆ ದೊಡ್ಡ ಭಯ ಇದ್ದದ್ದು ಬೇರೆ. ಹಳೇ ಸ್ಟ್ರಿಪ್‌ನಲ್ಲಿ ಮಾತ್ರೆ ಉಳಿದಿತ್ತು, ಹೊಸದರ ಬಣ್ಣ, ಆಕಾರ ಬೇರೆ. "ಇದು ಬೇರೆ ಮಾತ್ರೆ ಅಲ್ವಾ?" ಅಂತ ಅಮ್ಮ ಎರಡನ್ನೂ ನುಂಗಿದ್ದರೆ? ಗ್ಲಿಮೆಪಿರೈಡ್ ಎರಡು ಪಾಲು ಹೋದರೆ ಶುಗರ್ ಇಳಿದು ಬೆವರು, ನಡುಕ ಬರಬಹುದು, ತಲೆ ಸುತ್ತಿ ಬೀಳಲೂಬಹುದು. ಹಾಗಾಗಿ ಹಳೇದೆಲ್ಲ ಮುಗಿಯುವ ತನಕ ಹೊಸ ಚೀಲವನ್ನು ನನ್ನ ಬೀರುವಿನಲ್ಲೇ ಇಟ್ಟೆ. ಆಮೇಲೆ ಪ್ರತಿ ಸ್ಟ್ರಿಪ್ ಹಿಂದೆ "ಬಿಪಿ, ಬೆಳಿಗ್ಗೆ", "ಶುಗರ್, ತಿಂಡಿ ಜೊತೆ" ಅಂತ ಚೀಟಿ ಅಂಟಿಸಿದೆ. ಟೆಲ್ಮಿಸಾರ್ಟನ್ ತೇವ ತಗುಲಿದರೆ ಹಾಳಾಗುತ್ತದೆ, ಅದಕ್ಕೇ ಬಿಪಿ ಮಾತ್ರೆ ಬಿಚ್ಚಿ ಡಬ್ಬಿಗೆ ತುಂಬಲಿಲ್ಲ.

ಮೊದಲ ಎರಡು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಬಿಪಿ ನೋಡಿ ಬರೆದಿಟ್ಟೆ, ಖಾಲಿ ಹೊಟ್ಟೆಯ ಶುಗರನ್ನೂ ನೋಡಿದೆ. ಹಿಂದಿನ ಅಂಕಿಗಳ ಆಸುಪಾಸಿನಲ್ಲೇ ಇದ್ದವು. ಮೂರು ತಿಂಗಳಿಗೆ, ಹಿಂದಿನ ಕೆಲವು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿದಾಗಲೂ ಡಾಕ್ಟರು ಡೋಸ್ ಬದಲಿಸಲಿಲ್ಲ.

ತೊಂದರೆ ಅಂದರೆ ಸ್ಟಾಕ್. ಕೆಲವು ಸಲ ಎರಡು ಔಷಧ ಸೇರಿದ ಮಾತ್ರೆ ಸಿಗುವುದಿಲ್ಲ. ಆಗ ಗ್ಲಿಮೆಪಿರೈಡ್ 1 ಮತ್ತು ನಿಧಾನವಾಗಿ ಬಿಡುವ ಮೆಟ್‌ಫಾರ್ಮಿನ್ 500 ಬೇರೆ ಬೇರೆ ತರಬಹುದು ಅಂತ ಚೀಟಿಯಲ್ಲೇ ಬರೆಸಿಕೊಂಡಿದ್ದೇನೆ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಅಂಗಡಿಗೆ ಹೋಗುತ್ತೇನೆ.